ಮಳೆಗೆ ಮೊದಲು ಕಾಲುಸಂಕ: ಕೆಲಸದ ಅವಧಿಯನ್ನು ಕಡಿಮೆ ಖರ್ಚಿನಲ್ಲಿ ಕುಗ್ಗಿಸುವ ಲೆಕ್ಕ

ಏಪ್ರಿಲ್ 15ಕ್ಕೆ ಪಾಯ ತೋಡಲು ಶುರು ಮಾಡಿದರೆ ಸಂಕ ಮುಗಿಯುವುದು ಜೂನ್ 3ಕ್ಕೆ. ಶಿರಸಿ ಸೀಮೆಯಲ್ಲಿ ಹಳ್ಳದ ಕೆಲಸ ಮಾಡಿದ ಯಾರಿಗೇ ಆಗಲಿ ಈ ತಾರೀಕು ಕೇಳಿದರೆ ಸಮಾಧಾನವಾಗುವುದಿಲ್ಲ. ಮುಂಗಾರು ಕೇರಳ ಮುಟ್ಟುವ ವಾಡಿಕೆಯ ದಿನ ಜೂನ್ 1. ಅಲ್ಲಿಂದ ನಮ್ಮ ಕಡೆ ಬರಲು ಕೆಲವೇ ದಿನ ಸಾಕು, ಅಷ್ಟರೊಳಗೆ ಅಡ್ಡಮಳೆಯೂ ಒಂದೆರಡು ಸಲ ಬಂದು ಹೋಗಿರುತ್ತದೆ. ಹಳ್ಳ ತುಂಬಿದ ಮೇಲೆ ಸಂಕ ಅರ್ಧಕ್ಕೆ ನಿಂತರೆ ಆಚೆ ದಡದ ಮನೆಗಳ ಮಕ್ಕಳು ಮತ್ತೆ ಅಡಿಕೆ ಮರದ ಸಂಕದ ಮೇಲೆಯೇ ಶಾಲೆಗೆ ಹೋಗಬೇಕು. ಹಾಗಾಗಿ ಮೇ 28ಕ್ಕೆ ಮುಗಿಸಬೇಕೆಂದು ತೀರ್ಮಾನವಾಯಿತು ಎಂದುಕೊಳ್ಳಿ. 50 ದಿನದ ಕೆಲಸ 44 ದಿನಕ್ಕೆ ಇಳಿಯಬೇಕು.

ಆರು ದಿನ ಉಳಿಸಲು ಎಲ್ಲಿ ಹೆಚ್ಚು ಆಳು ಹಾಕಬೇಕು, ಎಲ್ಲಿ ಹಾಕಬಾರದು ಎಂಬುದೇ ಇಲ್ಲಿರುವ ಪ್ರಶ್ನೆ. ಇಂಜಿನಿಯರಿಂಗ್ ಪಾಠದಲ್ಲಿ ಇದಕ್ಕೆ ಪ್ರಾಜೆಕ್ಟ್ ಕ್ರ್ಯಾಶಿಂಗ್ ಎನ್ನುತ್ತಾರೆ. ಕಾಲೇಜಿನಲ್ಲಿ ಕೈಲೆಕ್ಕದ ಒಂದು ವಿಧಾನ ಕಲಿಸಿದ್ದರು, ನಾನು ಹಲವು ವರ್ಷ ಅದನ್ನೇ ನಂಬಿ ನಡೆದೆ. ಆ ವಿಧಾನ ಒಂದು ಜಾಗದಲ್ಲಿ ಸದ್ದಿಲ್ಲದೆ ತಪ್ಪುತ್ತದೆ. ಎಲ್ಲಿ ತಪ್ಪುತ್ತದೆ, ಅದನ್ನೇ ಲೀನಿಯರ್ ಪ್ರೋಗ್ರಾಂ ಆಗಿ, ಅಂದರೆ ನಿಬಂಧನೆಗಳನ್ನು ಪಾಲಿಸುತ್ತಲೇ ಒಟ್ಟು ಖರ್ಚನ್ನು ಆದಷ್ಟು ಇಳಿಸುವ ಲೆಕ್ಕವಾಗಿ ಬರೆದರೆ ಹೇಗೆ ಸರಿಯಾಗುತ್ತದೆ ಎಂಬುದನ್ನು ಒಂದು ಸಂಕದ ಮೇಲೆಯೇ ಮಾಡಿ ತೋರಿಸುತ್ತೇನೆ. ಓದಲು ಸುಲಭವಾಗಲೆಂದು ಅಂಕಿಗಳನ್ನು ದುಂಡಗೆ ಮಾಡಿದ್ದೇನೆ.

ಮೊದಲು ಕೆಲಸಗಳನ್ನು ಬಿಡಿಸಿಕೊಳ್ಳಿ

ಎರಡು ಕಬ್ಬಿಣದ ಗರ್ಡರಿನ ಮೇಲೆ ಕಾಂಕ್ರೀಟ್ ಸ್ಲ್ಯಾಬ್ ಇರುವ ಸಾಧಾರಣ ಕಾಲುಸಂಕ ಇದು. ಆರು ಕೆಲಸಗಳಿವೆ.

ಹಳ್ಳದ ನೀರು ತಿರುಗಿಸಿ, ತೋಡಿ, ಫೂಟಿಂಗ್ ಹಾಕುವುದು ಪಾಯದ ಕೆಲಸ. ಅದೇ ಹೊತ್ತಿಗೆ ಪೇಟೆಯ ವರ್ಕ್‌ಶಾಪಿನಲ್ಲಿ ಗರ್ಡರ್ ತಯಾರಾಗುತ್ತಿರುತ್ತದೆ, ಅದಕ್ಕೆ ಪಾಯಕ್ಕಾಗಿ ಕಾಯುವ ಅಗತ್ಯವಿಲ್ಲ. ಪಾಯ ಆದ ಮೇಲೆ ಎರಡು ಕೆಲಸ ಜೊತೆಜೊತೆಗೆ ಶುರುವಾಗುತ್ತವೆ. ಒಂದು ಗರ್ಡರ್ ಕೂರುವ ಅಬಟ್‌ಮೆಂಟ್ ಎಬ್ಬಿಸುವುದು. ಇನ್ನೊಂದು ದಡದ ಮಣ್ಣು ಜಾರದಂತೆ ಚಿರೆಕಲ್ಲಿನ ತಡೆಗೋಡೆ ಕಟ್ಟಿ ಏರುದಾರಿ ತುಂಬುವುದು. ಅಬಟ್‌ಮೆಂಟ್ ಮತ್ತು ಗರ್ಡರ್ ಎರಡೂ ಆದ ಮೇಲೆ ಗರ್ಡರ್ ಕೂರಿಸಿ, ಸೆಂಟ್ರಿಂಗ್ ಹೊಡೆದು, ರಾಡು ಕಟ್ಟಿ ಸ್ಲ್ಯಾಬ್ ಹಾಕಬೇಕು. ಸ್ಲ್ಯಾಬ್ ಮತ್ತು ತಡೆಗೋಡೆ ಎರಡೂ ಮುಗಿದ ಮೇಲೆ ಕೊನೆಯದು ಕ್ಯೂರಿಂಗ್, ಆ ದಿನಗಳಲ್ಲೇ ಅಂಚಿನ ರೇಲಿಂಗ್ ಕೆಲಸವೂ ಆಗುತ್ತದೆ.

ಪ್ರತಿ ಕೆಲಸಕ್ಕೂ ನಾಲ್ಕು ಸಂಗತಿ ಬೇಕು: ಮಾಮೂಲಿ ದಿನಗಳು, ಎಷ್ಟೇ ಆಳು ಹಾಕಿದರೂ ಅದಕ್ಕಿಂತ ಇಳಿಸಲಾಗದ ಕನಿಷ್ಠ ದಿನಗಳು, ಮತ್ತು ಎರಡೂ ಸಂದರ್ಭದ ಖರ್ಚು. ಪಾಯ ಮಾಮೂಲಿಯಾಗಿ 12 ದಿನ, 60,000 ರೂಪಾಯಿ. ಇನ್ನೊಂದು ಹಿಟಾಚಿ ತಂದು ರಾತ್ರಿಯೂ ಪಂಪು ಓಡಿಸಿದರೆ 8 ದಿನ, 72,000 ರೂಪಾಯಿ. 12,000 ಹೆಚ್ಚಿಗೆ ಕೊಟ್ಟು 4 ದಿನ ಉಳಿಸಿದಂತೆ, ಅಂದರೆ ಉಳಿಸಿದ ದಿನವೊಂದಕ್ಕೆ 3,000. ಈ ದಿನದ ದರವೇ ಇಡೀ ಲೆಕ್ಕಕ್ಕೆ ಆಧಾರ. ಉಳಿದವಕ್ಕೂ ಹೀಗೆಯೇ ಕಂಡುಹಿಡಿದರೆ:

| ಕೆಲಸ | ಎಲ್ಲಿಂದ ಎಲ್ಲಿಗೆ | ಮಾಮೂಲಿ ದಿನ | ಕನಿಷ್ಠ ದಿನ | ಒಂದು ದಿನ ಕುಗ್ಗಿಸಲು (ರೂ.) |
|---|---|---|---|---|
| ಪಾಯ | 1 → 2 | 12 | 8 | 3,000 |
| ಗರ್ಡರ್ | 1 → 3 | 22 | 15 | 4,000 |
| ಅಬಟ್‌ಮೆಂಟ್ | 2 → 3 | 14 | 10 | 1,500 |
| ತಡೆಗೋಡೆ | 2 → 4 | 22 | 16 | 3,500 |
| ಸ್ಲ್ಯಾಬ್ | 3 → 4 | 10 | 7 | 2,500 |
| ಕ್ಯೂರಿಂಗ್ | 4 → 5 | 14 | 14 | – |

1ರಿಂದ 5ರವರೆಗಿನ ಅಂಕಿಗಳು ಘಟ್ಟಗಳು. 1 ಎಂದರೆ ಕೆಲಸ ಶುರು, 2 ಎಂದರೆ ಪಾಯ ಮುಗಿಯಿತು, 3 ಎಂದರೆ ಗರ್ಡರ್ ಎತ್ತಿ ಕೂರಿಸಲು ಎಲ್ಲ ಸಿದ್ಧ, 4 ಎಂದರೆ ಸ್ಲ್ಯಾಬೂ ತಡೆಗೋಡೆಯೂ ಆಯಿತು, 5 ಎಂದರೆ ಜನ ನಡೆಯಬಹುದು.

ಕ್ಯೂರಿಂಗಿನ ಸಾಲನ್ನು ಇನ್ನೊಮ್ಮೆ ನೋಡಿ. ಅಲ್ಲಿ ಮಾಮೂಲಿಯೂ 14, ಕನಿಷ್ಠವೂ 14. ನಮ್ಮಲ್ಲಿ ಈಗ ಹೆಚ್ಚಾಗಿ ಬಳಸುವುದು ಪಿಪಿಸಿ ಸಿಮೆಂಟು. ಅಂಥ ಮಿಶ್ರ ಸಿಮೆಂಟಿಗೆ ಬಿಸಿಲಿನ ಒಣ ಹವೆಯಲ್ಲಿ 14 ದಿನ ನೀರುಣಿಸಬೇಕೆಂದು ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಶಿಫಾರಸು ಮಾಡುತ್ತದೆ. ದುಡ್ಡು ಸುರಿದರೆ ಇದೂ ಕುಗ್ಗುತ್ತದೆ ಎಂದು ಹಾಳೆಯ ಮೇಲೆ ಬರೆಯುವುದು ಸುಲಭ. ಆದರೆ ಕಾಂಕ್ರೀಟು ಗಟ್ಟಿಯಾಗುವುದು ಆಳಿನ ಲೆಕ್ಕದಲ್ಲಿ ಅಲ್ಲ. ಅಬಟ್‌ಮೆಂಟಿನ ಕನಿಷ್ಠ 10 ದಿನದಲ್ಲಿಯೂ ಗರ್ಡರಿನ ಭಾರ ಹೊರುವ ಮೊದಲು ಕಾಯಬೇಕಾದ ದಿನಗಳು ಸೇರಿವೆ. ಕನಿಷ್ಠ ದಿನವನ್ನು ಮೇಸ್ತ್ರಿಯನ್ನು ಕೇಳಿ ಬರೆಯಿರಿ. ಆಮೇಲೆ ಅದರಲ್ಲಿ ಕಾಯುವ ದಿನ ಎಷ್ಟು, ಕೈಕೆಲಸದ ದಿನ ಎಷ್ಟು ಎಂದು ಬೇರೆ ಮಾಡಿ ನೋಡಿ. ಇಲ್ಲಿ ತಪ್ಪಿದರೆ ಮುಂದಿನ ಲೆಕ್ಕವೆಲ್ಲ ಸರಿಯಿದ್ದೂ ಸಂಕ ಬಿರುಕು ಬಿಡುತ್ತದೆ.

ಕೈಲೆಕ್ಕ ಎಲ್ಲಿ ತಪ್ಪುತ್ತದೆ

ಶುರುವಿನಿಂದ 4ನೇ ಘಟ್ಟಕ್ಕೆ ಮೂರು ದಾರಿಗಳಿವೆ. ಪಾಯ–ಅಬಟ್‌ಮೆಂಟ್–ಸ್ಲ್ಯಾಬ್ 36 ದಿನ. ಪಾಯ–ತಡೆಗೋಡೆ 34 ದಿನ. ಗರ್ಡರ್–ಸ್ಲ್ಯಾಬ್ 32 ದಿನ. ಅತಿ ಉದ್ದದ್ದು 36, ಅದಕ್ಕೆ ಕ್ಯೂರಿಂಗಿನ 14 ಸೇರಿ 50. ಉದ್ದದ ಈ ದಾರಿಯೇ ಕ್ರಿಟಿಕಲ್ ಪಾಥ್. 44 ದಿನಕ್ಕೆ ಮುಗಿಯಬೇಕಾದರೆ ಮೂರೂ ದಾರಿಗಳು 30ಕ್ಕೆ ಇಳಿಯಬೇಕು.

ಕಲಿಸಿದ ವಿಧಾನ ಹೀಗೆ: ಉದ್ದದ ದಾರಿಯಲ್ಲಿ ಯಾವ ಕೆಲಸದ ದಿನದ ದರ ಕಡಿಮೆಯೋ ಅದನ್ನು ಕುಗ್ಗಿಸು. ಇನ್ನೊಂದು ದಾರಿ ಅದಕ್ಕೆ ಸರಿಸಮವಾದ ಕೂಡಲೇ ನಿಲ್ಲಿಸಿ ಮತ್ತೆ ಹುಡುಕು.

ಮೊದಲ ಸುತ್ತಿನಲ್ಲಿ ಅಬಟ್‌ಮೆಂಟೇ ಅಗ್ಗ, 1,500. ಎರಡು ದಿನ ಕುಗ್ಗಿಸಿದರೆ ಉದ್ದದ ದಾರಿ 34ಕ್ಕೆ ಬಂದು ತಡೆಗೋಡೆಯ ದಾರಿಗೆ ಸಮವಾಗುತ್ತದೆ. ಖರ್ಚು 3,000. ಎರಡನೇ ಸುತ್ತಿನಲ್ಲಿ ಎರಡು ದಾರಿಯನ್ನೂ ಒಟ್ಟಿಗೆ ಇಳಿಸಬೇಕು. ಎರಡರಲ್ಲೂ ಇರುವ ಪಾಯವನ್ನು 3,000ದಂತೆ ಎರಡು ದಿನ ಕುಗ್ಗಿಸಿದರೆ ಸಾಕು. ಖರ್ಚು 6,000. ಈಗ ಮೂರೂ ದಾರಿ 32 ದಿನ.

ಮೂರನೇ ಸುತ್ತಿನಲ್ಲಿ ಮೂರು ದಾರಿಗೂ ತಗಲುವ ಜೋಡಿ ಬೇಕು. ಪಾಯ ಮತ್ತು ಗರ್ಡರ್ ಆದರೆ 7,000. ತಡೆಗೋಡೆ ಮತ್ತು ಸ್ಲ್ಯಾಬ್ ಆದರೆ 6,000. ಪಾಯ ಮತ್ತು ಸ್ಲ್ಯಾಬ್ ಆದರೆ 5,500. ಕಡಿಮೆಯದನ್ನು ಆರಿಸಿ ಎರಡು ದಿನ ಕುಗ್ಗಿಸಿದೆ, 11,000 ಆಯಿತು. ಎಲ್ಲ ಸೇರಿ 20,000 ರೂಪಾಯಿಗೆ 44 ದಿನ. ಪ್ರತಿ ಸುತ್ತಿನಲ್ಲೂ ಅಗ್ಗದ್ದನ್ನೇ ಆರಿಸಿದ್ದೇನೆ, ಆದ್ದರಿಂದ ಇದೇ ಅತಿ ಕಡಿಮೆ ಎಂದು ನನಗೆ ಎಷ್ಟೋ ಕಾಲ ಅನುಮಾನವೇ ಇರಲಿಲ್ಲ.

ಕೊನೆಯ ಸುತ್ತಿನಲ್ಲಿ ಆದದ್ದನ್ನು ನಿಧಾನವಾಗಿ ನೋಡಿ. ಪಾಯ ಒಂದು ದಿನ, ಸ್ಲ್ಯಾಬ್ ಒಂದು ದಿನ ಕುಗ್ಗಿದಾಗ ತಡೆಗೋಡೆಯ ದಾರಿ ಒಂದು ದಿನ ಇಳಿಯಿತು, ಗರ್ಡರಿನ ದಾರಿಯೂ ಒಂದು ದಿನ ಇಳಿಯಿತು. ಆದರೆ ಪಾಯ–ಅಬಟ್‌ಮೆಂಟ್–ಸ್ಲ್ಯಾಬ್ ದಾರಿಯಲ್ಲಿ ಆ ಎರಡೂ ಕೆಲಸಗಳಿವೆ, ಅದು ಎರಡು ದಿನ ಇಳಿಯಿತು. ನಮಗೆ ಬೇಕಾದದ್ದು ಒಂದೇ ದಿನ. ಉಳಿದ ಒಂದು ದಿನ ಸುಮ್ಮನೆ ಪೋಲು. ಹಾಗಿದ್ದರೆ ಆ ದಾರಿಯಲ್ಲಿ ಮೊದಲೇ 1,500 ಕೊಟ್ಟು ಅವಸರ ಮಾಡಿಸಿದ್ದ ಅಬಟ್‌ಮೆಂಟನ್ನು ಒಂದು ದಿನ ಸಡಿಲಿಸಬಹುದು, ಆ 1,500 ವಾಪಸು ಬರುತ್ತದೆ. ಆ ಸುತ್ತಿನ ನಿಜವಾದ ದರ ದಿನಕ್ಕೆ 3,000 + 2,500 − 1,500 = 4,000. ಎರಡು ದಿನಕ್ಕೂ ಹೀಗೆ ಮಾಡಿದರೆ ಅಬಟ್‌ಮೆಂಟ್ ಪೂರ್ತಿ 14 ದಿನಕ್ಕೆ ಮರಳುತ್ತದೆ, ಒಟ್ಟು ಖರ್ಚು 17,000.

ಮೊಟ್ಟಮೊದಲು ಆರಿಸಿದ್ದ, ಪಟ್ಟಿಯಲ್ಲೇ ಅತಿ ಅಗ್ಗದ ಕುಗ್ಗಿಸುವಿಕೆ ಕೊನೆಯ ಉತ್ತರದಲ್ಲಿ ಇಲ್ಲವೇ ಇಲ್ಲ. ಮುಂದಕ್ಕೆ ಮಾತ್ರ ನೋಡುವ ಕೈಲೆಕ್ಕಕ್ಕೆ ಕೊಟ್ಟದ್ದನ್ನು ಹಿಂದೆ ತೆಗೆದುಕೊಳ್ಳುವುದು ತಿಳಿಯುವುದಿಲ್ಲ. ಆರು ಕೆಲಸದ ಸಂಕದಲ್ಲಿ ಕಣ್ಣಿಟ್ಟು ನೋಡಿದರೆ ಇದು ಸಿಗುತ್ತದೆ. ನಲವತ್ತು ಕೆಲಸಗಳ ಕಟ್ಟಡದಲ್ಲಿ ಸಿಗುವುದಿಲ್ಲ.

ಲೀನಿಯರ್ ಪ್ರೋಗ್ರಾಂ ಆಗಿ ಬರೆಯುವುದು

ಎಲ್ಲ ದಾರಿಗಳನ್ನೂ ಎಣಿಸುವ ಗೋಜು ಇದಕ್ಕೆ ಬೇಡ. ಗೊತ್ತಿಲ್ಲದ ಸಂಖ್ಯೆಗಳು ಎರಡು ಬಗೆ. ಪ್ರತಿ ಘಟ್ಟ ಎಷ್ಟನೇ ದಿನಕ್ಕೆ ಬರುತ್ತದೆ ಎಂಬುದು x, ಪ್ರತಿ ಕೆಲಸವನ್ನು ಎಷ್ಟು ದಿನ ಕುಗ್ಗಿಸುತ್ತೇವೆ ಎಂಬುದು y. ಕುಗ್ಗಿಸಿದ ದಿನಗಳನ್ನು ಅವುಗಳ ದರದಿಂದ ಗುಣಿಸಿ ಕೂಡಿದ ಮೊತ್ತ ಆದಷ್ಟು ಕಡಿಮೆಯಾಗಬೇಕು:

```
min 3000 y_paya + 4000 y_girder + 1500 y_abut
    + 3500 y_gode + 2500 y_slab
```

ನಿಬಂಧನೆಗಳು ಪ್ರತಿ ಕೆಲಸಕ್ಕೆ ಒಂದೊಂದು. ಅಬಟ್‌ಮೆಂಟ್ 2ನೇ ಘಟ್ಟದಿಂದ 3ನೇ ಘಟ್ಟಕ್ಕೆ ಹೋಗುತ್ತದೆ, 14 ದಿನ ಬೇಕು, ಕುಗ್ಗಿಸಿದಷ್ಟು ಕಡಿಮೆ. ಅಂದರೆ 3ನೇ ಘಟ್ಟ 2ನೇ ಘಟ್ಟಕ್ಕಿಂತ ಕನಿಷ್ಠ ಅಷ್ಟು ದಿನ ಆಮೇಲೆ ಬರಬೇಕು:

```
x3 - x2 + y_abut >= 14
0 <= y_abut <= 4
```

ಉಳಿದ ಐದು ಕೆಲಸಗಳಿಗೂ ಇದೇ ರೂಪ. ಕೊನೆಯಲ್ಲಿ `x1 = 0` ಮತ್ತು `x5 <= 44`. ಇಷ್ಟೇ. 3ನೇ ಘಟ್ಟಕ್ಕೆ ಅಬಟ್‌ಮೆಂಟೂ ಗರ್ಡರೂ ಬಂದು ಸೇರುವುದರಿಂದ x3 ಎರಡು ನಿಬಂಧನೆಗಳಲ್ಲಿ ಬರುತ್ತದೆ. ಎರಡನ್ನೂ ಪಾಲಿಸಬೇಕಾದ್ದರಿಂದ ತಡವಾದದ್ದೇ ಗೆಲ್ಲುತ್ತದೆ. ಕ್ರಿಟಿಕಲ್ ಪಾಥ್ ಯಾವುದು ಎಂದು ನಾವು ಹೇಳಿಕೊಡಬೇಕಾಗಿಲ್ಲ.

ಪೈಥಾನ್ ಬಲ್ಲವರು PuLP ಲೈಬ್ರರಿ ಹಾಕಿಕೊಂಡು ಹೀಗೆ ಬರೆಯಬಹುದು:

```python
from pulp import *

K = {'paya':   (1, 2, 12,  8, 3000),
     'girder': (1, 3, 22, 15, 4000),
     'abut':   (2, 3, 14, 10, 1500),
     'gode':   (2, 4, 22, 16, 3500),
     'slab':   (3, 4, 10,  7, 2500),
     'curing': (4, 5, 14, 14, 0)}
T = 44

m = LpProblem("sanka", LpMinimize)
x = LpVariable.dicts("x", range(1, 6), 0)
y = {k: LpVariable("y_" + k, 0, v[2] - v[3]) for k, v in K.items()}

m += lpSum(v[4] * y[k] for k, v in K.items())
for k, (i, j, d, _, _) in K.items():
    m += x[j] - x[i] + y[k] >= d
m += x[1] == 0
m += x[5] <= T, "gadu"

m.solve()
print(value(m.objective), m.constraints["gadu"].pi)
for v in m.variables():
    print(v.name, v.varValue)
```

ಪೈಥಾನ್ ಬೇಡವೆಂದರೆ ಎಕ್ಸೆಲ್ಲಿನ Solver ಸಾಕು. x ಮತ್ತು y ಗಳಿಗೆ ಒಂದೊಂದು ಖಾನೆ, ಪ್ರತಿ ಕೆಲಸಕ್ಕೆ ಎಡಬದಿಯ ಮೊತ್ತ ಒಂದು ಖಾನೆ, ಒಟ್ಟು ಖರ್ಚು ಒಂದು ಖಾನೆ. ವಿಧಾನ ಕೇಳಿದಾಗ Simplex LP ಆರಿಸಿ.

ಉತ್ತರ 17,000 ಬರುತ್ತದೆ: ಪಾಯ 4 ದಿನ, ಸ್ಲ್ಯಾಬ್ 2 ದಿನ, ಉಳಿದದ್ದೆಲ್ಲ ಸೊನ್ನೆ. ಪಾಯ 8ನೇ ದಿನಕ್ಕೆ, ಗರ್ಡರ್ ಎತ್ತುವುದು 22ನೇ ದಿನದ ಮೇಲೆ, ಸ್ಲ್ಯಾಬ್ 30ಕ್ಕೆ, ಸಂಕ 44ಕ್ಕೆ. ದಿನಗಳು ಅರ್ಧಂಬರ್ಧ ಬಂದಾವೆಂಬ ಅಂಜಿಕೆ ಬೇಡ. ಕೊಟ್ಟ ದಿನಗಳೆಲ್ಲ ಪೂರ್ಣಾಂಕವಾಗಿದ್ದರೆ, ಪ್ರತಿ ಸಾಲಿನಲ್ಲೂ ಎರಡು ಘಟ್ಟಗಳ ಅಂತರ ಮತ್ತು ಒಂದು y ಮಾತ್ರ ಇರುವ ಈ ರಚನೆಯಲ್ಲಿ ಸಿಂಪ್ಲೆಕ್ಸ್ ಪೂರ್ಣಾಂಕದ ಉತ್ತರವನ್ನೇ ಕೊಡುತ್ತದೆ.

ಉತ್ತರ ಸರಿಯೇ ಎಂದು ಕೈಯಲ್ಲೇ ನೋಡುವುದು

ಈ ವಿಷಯದಲ್ಲಿ ನನಗೆ ಅತಿ ಇಷ್ಟವಾದ ಭಾಗ ಇದು. ಕ್ರಿಟಿಕಲ್ ಪಾಥ್ ವಿಧಾನವನ್ನು 1950ರ ದಶಕದ ಕೊನೆಯಲ್ಲಿ ಡ್ಯುಪಾಂಟ್ ಕಂಪನಿಗಾಗಿ ಕಟ್ಟಿದವರಲ್ಲಿ ಜೇಮ್ಸ್ ಕೆಲ್ಲಿ ಒಬ್ಬರು. ಅವರೂ, ಬೇರೆಯಾಗಿ ಗಣಿತಜ್ಞ ಫುಲ್ಕರ್ಸನ್ ಅವರೂ 1961ರಲ್ಲಿ ತೋರಿಸಿದ್ದೇನೆಂದರೆ, ಕುಗ್ಗಿಸುವ ಈ ಲೆಕ್ಕದ ಇನ್ನೊಂದು ಬದಿ ಕಾಲುವೆಗಳಲ್ಲಿ ನೀರು ಹರಿಸುವ ಲೆಕ್ಕವೇ.

ತೋಟಕ್ಕೆ ನೀರು ಬಿಡುವ ಹಾಗೆ ಯೋಚಿಸಿ. 1ರಿಂದ 4ರವರೆಗೆ ಮೂರು ದಾರಿಗಳಲ್ಲಿ ರೂಪಾಯಿ ಹರಿಯುತ್ತಿದೆ. ಪ್ರತಿ ಕೆಲಸ ಒಂದು ಕಾಲುವೆ, ಅದರ ದಿನದ ದರವೇ ಕಾಲುವೆಯ ಅಗಲ. 44 ದಿನದ ಉತ್ತರಕ್ಕೆ ಹೊಂದುವ ಹರಿವು ಹೀಗಿದೆ: ಪಾಯ–ಅಬಟ್‌ಮೆಂಟ್–ಸ್ಲ್ಯಾಬ್ ದಾರಿಯಲ್ಲಿ 1,500, ಪಾಯ–ತಡೆಗೋಡೆ ದಾರಿಯಲ್ಲಿ 1,500, ಗರ್ಡರ್–ಸ್ಲ್ಯಾಬ್ ದಾರಿಯಲ್ಲಿ 1,000. ಒಟ್ಟು 4,000.

ಈಗ ಒಂದೊಂದೇ ಕಾಲುವೆ ನೋಡಿ. ಪಾಯದಲ್ಲಿ ಎರಡು ದಾರಿಯದ್ದು ಸೇರಿ 3,000 ಹರಿಯುತ್ತಿದೆ, ಅಗಲವೂ 3,000, ಅಂಚಿಗೆ ಅಂಚು ತುಂಬಿದೆ. ಸ್ಲ್ಯಾಬಿನಲ್ಲಿ 1,500 ಮತ್ತು 1,000 ಸೇರಿ 2,500, ಅದೂ ತುಂಬಿದೆ. ತಡೆಗೋಡೆಯಲ್ಲಿ ಹರಿವು 1,500, ಅಗಲ 3,500. ಗರ್ಡರಿನಲ್ಲಿ ಹರಿವು 1,000, ಅಗಲ 4,000. ನಿಯಮ ಇಷ್ಟು: ತುಂಬದ ಕಾಲುವೆಯ ಕೆಲಸವನ್ನು ಕುಗ್ಗಿಸಿರಬಾರದು, ತುಂಬಿದ್ದನ್ನು ಮಾತ್ರ ಕುಗ್ಗಿಸಿರಬಹುದು. ನಮ್ಮ ಉತ್ತರದಲ್ಲಿ ಹಾಗೆಯೇ ಇದೆ. ಅಬಟ್‌ಮೆಂಟಿನ ಕಾಲುವೆಯೂ 1,500ಕ್ಕೆ ತುಂಬಿದೆ, ಆದ್ದರಿಂದ ಅದನ್ನು ಕುಗ್ಗಿಸಿದ್ದರೂ ನಿಯಮ ಮುರಿಯುತ್ತಿರಲಿಲ್ಲ. ಆದರೆ ಮೂರೂ ದಾರಿಗಳು ಸರಿಯಾಗಿ 30ಕ್ಕೇ ನಿಲ್ಲಬೇಕಾದಾಗ ಅದರ ಪಾಲಿಗೆ ಬಂದದ್ದು ಸೊನ್ನೆ.

ಒಟ್ಟು ಖರ್ಚನ್ನೂ ಹೀಗೆ ತಾಳೆ ನೋಡಬಹುದು. ಮೊದಲ ದಾರಿ 36ರಿಂದ 30ಕ್ಕೆ ಬರಲು 6 ದಿನ, 1,500ರಂತೆ 9,000. ಎರಡನೆಯದಕ್ಕೆ 4 ದಿನ, 6,000. ಮೂರನೆಯದಕ್ಕೆ 2 ದಿನ, 2,000. ಕೂಡಿದರೆ 17,000. ಹರಿವಿನ ಬದಿಯ ಮೊತ್ತವೂ ಖರ್ಚಿನ ಬದಿಯ ಮೊತ್ತವೂ ಒಂದೇ ಆದರೆ ಅದಕ್ಕಿಂತ ಕಡಿಮೆ ಯಾರಿಂದಲೂ ಸಾಧ್ಯವಿಲ್ಲ. 20,000ದ ಕೈಲೆಕ್ಕಕ್ಕೆ ಇಂಥ ಹರಿವು ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಮುಂದಿನ ದಿನದ ಬೆಲೆ

ಆ 4,000 ಬರೀ ತಾಳೆಯ ಅಂಕಿಯಲ್ಲ. ಗಡುವನ್ನು ಇನ್ನೊಂದು ದಿನ ಹಿಂದೆ ತಂದರೆ ಎಷ್ಟು ಖರ್ಚು ಎಂಬುದನ್ನು ಅದು ಹೇಳುತ್ತದೆ. ಪ್ರೋಗ್ರಾಮಿನಲ್ಲಿ `pi`, ಎಕ್ಸೆಲ್ಲಿನ ವರದಿಯಲ್ಲಿ Shadow Price ಎಂದು ಕಾಣುವುದು ಇದೇ. ಗಡುವು ಸಡಿಲಿಸಿದರೆ ಖರ್ಚು ಇಳಿಯುವುದರಿಂದ ಚಿಹ್ನೆ ಋಣವಾಗಿರುತ್ತದೆ.

ಒಂದು ಕಡೆ ಹುಷಾರು. 44 ಎಂಬುದು ದರ ಬದಲಾಗುವ ಮೂಲೆ. ಪಾಯ ಇಲ್ಲಿಗೆ ತನ್ನ ಮಿತಿ ಮುಟ್ಟಿತು. 45ರಿಂದ 44ಕ್ಕೆ ಬರಲು 4,000 ಆಯಿತು, 44ರಿಂದ 43ಕ್ಕೆ ಹೋಗಲು ತಡೆಗೋಡೆ ಮತ್ತು ಸ್ಲ್ಯಾಬ್ ಜೋಡಿಯೇ ಗತಿ, 6,000. ಮೂಲೆಯಲ್ಲಿ ನಿಂತಾಗ ಸಾಲ್ವರ್ ಎರಡರಲ್ಲಿ ಯಾವುದನ್ನೂ ತೋರಿಸಬಹುದು, ಎರಡೂ ತಪ್ಪಲ್ಲ. ಹಾಗಾಗಿ ಒಂದೇ ಗಡುವಿಗೆ ಬಿಡಿಸಿ ಕೈ ತೊಳೆದುಕೊಳ್ಳಬೇಡಿ. `T` ಯನ್ನು 50ರಿಂದ ಒಂದೊಂದೇ ಇಳಿಸಿ ಪ್ರತಿ ಸಲ ಬಿಡಿಸಿ. ಮೊದಲ ಎರಡು ದಿನ 1,500ರಂತೆ, ಮುಂದಿನ ಎರಡು 3,000ದಂತೆ, ಆಮೇಲಿನ ಎರಡು 4,000ದಂತೆ, ನಂತರ ಒಂದು 6,000, ಅಲ್ಲಿಂದ 9,000ದಂತೆ ನಾಲ್ಕು ದಿನ. 39 ದಿನಕ್ಕೆ ಒಟ್ಟು 59,000. 38 ಕೇಳಿದರೆ ಸಾಲ್ವರ್ Infeasible ಎನ್ನುತ್ತದೆ, ದುಡ್ಡು ಎಷ್ಟಿದ್ದರೂ ಆಗದು.

ಎಲ್ಲ ಕೆಲಸಕ್ಕೂ ಅವಸರ ಮಾಡಿ ಎಂದು ಒಟ್ಟಾರೆ ಆಜ್ಞೆ ಹೊರಡಿಸಿದರೆ ಆಗುವ ಖರ್ಚು 74,500. ಸಂಕ ಮುಗಿಯುವುದು ಅದೇ 39 ದಿನಕ್ಕೆ. ಯಾರಿಗೂ ಬೇಡದ ಅವಸರಕ್ಕೆ 15,500 ಹೋಯಿತು.

ಸೈಟು ನಡೆಯುವ ಪ್ರತಿ ದಿನಕ್ಕೂ ಪಂಪಿನ ಬಾಡಿಗೆ, ಕಾವಲಿನವನ ಸಂಬಳ, ಶೆಡ್ಡು, ಮೇಲ್ವಿಚಾರಣೆ ಎಂದು ಬೇರೆ ಖರ್ಚು ಇದ್ದೇ ಇದೆ. ಅದು ದಿನಕ್ಕೆ 3,500 ಎಂದಿಟ್ಟುಕೊಳ್ಳಿ. ಮೊತ್ತಕ್ಕೆ `3500*x[5]` ಕೂಡಿಸಿ, ಗಡುವಿನ ಸಾಲನ್ನೂ print ಸಾಲಿನ `pi` ಭಾಗವನ್ನೂ ತೆಗೆದು ಬಿಡಿಸಿದರೆ ಉತ್ತರ 46 ದಿನಕ್ಕೆ ನಿಲ್ಲುತ್ತದೆ. ಕುಗ್ಗಿಸುವ ದರ 3,500 ದಾಟುವ ಜಾಗ ಅದೇ ತಾನೆ. ಎರಡೂ ಬಗೆಯ ಖರ್ಚು ಸೇರಿ 50 ದಿನಕ್ಕೆ 1,75,000, 46 ದಿನಕ್ಕೆ 1,70,000, 44 ದಿನಕ್ಕೆ 1,71,000. ಮಳೆಯ ಭಯವಿಲ್ಲದಿದ್ದರೂ ನಾಲ್ಕು ದಿನ ಕುಗ್ಗಿಸುವುದೇ ಲಾಭ. ಮಳೆಗಾಗಿ ನಿಜಕ್ಕೂ ಹೆಚ್ಚಿಗೆ ಕೊಡುತ್ತಿರುವುದು 1,000 ಮಾತ್ರ. ಹಣ ಕೊಡುವವರ ಮುಂದೆ ಇಡಬೇಕಾದ ಅಂಕಿ ಇದು, 17,000 ಅಲ್ಲ.

ದರ ನೇರವಾಗಿಲ್ಲದಾಗ

ಲೀನಿಯರ್ ಎಂದರೆ ಒಂದು ದಿನಕ್ಕೆ 3,000 ಆದರೆ ಎರಡು ದಿನಕ್ಕೆ 6,000. ಕೂಲಿಯ ಓವರ್‌ಟೈಮಿಗೆ ಇದು ಹೆಚ್ಚುಕಡಿಮೆ ಸರಿ. ಮೊದಲೆರಡು ದಿನ ಓವರ್‌ಟೈಮಿನಲ್ಲಿ ಅಗ್ಗವಾಗಿ ಸಿಕ್ಕಿ, ಮುಂದಿನ ದಿನಗಳಿಗೆ ಹೊರಗಿನಿಂದ ಆಳು ತಂದು ದುಬಾರಿಯಾಗುವುದೂ ತೊಂದರೆಯಲ್ಲ. ಆ ಕೆಲಸದ y ಯನ್ನು ಎರಡು ತುಂಡು ಮಾಡಿ ಬೇರೆ ಬೇರೆ ದರ ಕೊಡಿ, ಅಗ್ಗದ ತುಂಡನ್ನೇ ಸಾಲ್ವರ್ ಮೊದಲು ಖಾಲಿ ಮಾಡುತ್ತದೆ.

ಹಿಟಾಚಿ ಹಾಗಲ್ಲ. ಟ್ರೇಲರಿನ ಮೇಲೆ ಹೇರಿ ಘಟ್ಟ ಹತ್ತಿಸಿ ತರಲು, ಹಿಂದೆ ಕಳಿಸಲು 8,000, ಆಮೇಲೆ ಉಳಿಸಿದ ದಿನಕ್ಕೆ 1,000 ಎಂದಿಟ್ಟುಕೊಳ್ಳಿ. ನಾಲ್ಕು ದಿನಕ್ಕೆ ಅದೇ 12,000 ನಿಜ. ಆದರೆ ಎರಡೇ ದಿನ ಉಳಿಸಿದರೆ 6,000 ಅಲ್ಲ, 10,000. ಇಂಥದ್ದನ್ನು 3,000ದ ನೇರ ದರವಾಗಿ ಬರೆದರೆ ಪಾಯ ಅರ್ಧ ಕುಗ್ಗುವ ಉತ್ತರಗಳು ಸುಳ್ಳಾಗುತ್ತವೆ. 46 ದಿನದ ಉತ್ತರ ಅಂಥದ್ದೇ. ಲೆಕ್ಕ ಹೇಳಿದ ಹೆಚ್ಚುವರಿ 9,000. ಹಿಟಾಚಿ ತರುವುದೇ ಆದರೆ ನಾಲ್ಕೂ ದಿನ ಬಳಸಿಕೊಂಡು ಬೇರೇನೂ ಕುಗ್ಗಿಸದಿರುವುದು ಮೇಲು, ಆಗಲೂ ನಿಜವಾದ ಖರ್ಚು 12,000. ಸೈಟಿನ ಖರ್ಚು ಸೇರಿ 1,73,000 ಆಗಿ, 46ರ ಲಾಭ ಮಾಯವಾಗುತ್ತದೆ. 44 ದಿನದ ಉತ್ತರಕ್ಕೆ ಮಾತ್ರ ಏನೂ ಆಗುವುದಿಲ್ಲ, ಅಲ್ಲಿ ಪಾಯ ಪೂರ್ತಿ ಕುಗ್ಗಿದೆ, ಪೂರ್ತಿ 12,000ವೇ ಲೆಕ್ಕಕ್ಕೆ ಬಂದಿದೆ.

ಆದ್ದರಿಂದ ಉತ್ತರ ಬಂದ ಕೂಡಲೇ ಸೊನ್ನೆಗೂ ಮಿತಿಗೂ ನಡುವೆ ನಿಂತ y ಗಳನ್ನು ಹುಡುಕಿ, ಆ ಕೆಲಸದ ಖರ್ಚು ನಿಜವಾಗಿ ದಿನದ ಲೆಕ್ಕದ್ದೇ ಎಂದು ಕೇಳಿಕೊಳ್ಳಿ. ಇಲ್ಲಿ ನಡುವೆ ನಿಂತದ್ದು ಸ್ಲ್ಯಾಬ್ ಮಾತ್ರ, ಅದು ಸೆಂಟ್ರಿಂಗ್ ಆಳಿನ ಕೂಲಿ, ಸರಿ. ಸಗಟು ಖರ್ಚಿನ ಕೆಲಸವಿದ್ದರೆ 0 ಅಥವಾ 1 ಮಾತ್ರ ಆಗಬಲ್ಲ z ಒಂದನ್ನು ಸೇರಿಸಿ, `y_paya <= 4*z` ಎಂದು ಬರೆದು, ಮೊತ್ತದಲ್ಲಿ `3000*y_paya` ಬದಲು `8000*z + 1000*y_paya` ಇಡಬೇಕು. PuLP ಅದನ್ನೂ ಬಿಡಿಸುತ್ತದೆ, ಆದರೆ ಆಮೇಲೆ `pi` ಯನ್ನು ನಂಬಬೇಡಿ.

ಕುಗ್ಗಿಸಿದ ಮೇಲೆ ಉಳಿಯುವ ಅಪಾಯ

44 ದಿನದ ಯೋಜನೆಯಲ್ಲಿ ಮೂರು ದಾರಿಯೂ 30 ದಿನ. ಮೊದಲು ಗರ್ಡರಿಗೆ ನಾಲ್ಕು ದಿನ, ತಡೆಗೋಡೆಗೆ ಎರಡು ದಿನ ಸಡಿಲವಿತ್ತು. ಈಗ ಯಾವುದಕ್ಕೂ ಇಲ್ಲ. ವರ್ಕ್‌ಶಾಪಿನಲ್ಲಿ ಒಂದು ದಿನ ಕರೆಂಟ್ ಹೋದರೂ ಸಂಕ ಒಂದು ದಿನ ತಡ. ಇದು ಲೆಕ್ಕದ ದೋಷವಲ್ಲ, ಬೇಡದ ಸಡಿಲಕ್ಕೆ ದುಡ್ಡು ಕೊಡದಿರುವುದೇ ಅದರ ಕೆಲಸ. ಸಡಿಲ ಬೇಕೆಂದರೆ ಕೇಳಿ ಕೊಳ್ಳಬೇಕು. 42 ದಿನಕ್ಕೆ ಯೋಜಿಸಿದರೆ 32,000, ಅಂದರೆ ಎರಡು ದಿನದ ಸಡಿಲಕ್ಕೆ 15,000. ನನಗೆ ಅದು ಹೆಚ್ಚೆನಿಸುತ್ತದೆ. ಅದರ ಬದಲು ಪ್ರತಿ ಘಟ್ಟ ಮುಗಿದಾಗ ಮತ್ತೆ ಬಿಡಿಸುತ್ತೇನೆ.

ಉದಾಹರಣೆಗೆ, ತೋಡುವಾಗ ಬಂಡೆ ಸಿಕ್ಕಿ, ಹಿಟಾಚಿಯ 12,000 ಖರ್ಚಾಗಿಯೂ ಪಾಯ 8ರ ಬದಲು 10ನೇ ದಿನ ಮುಗಿಯಿತು ಎನ್ನಿ. ಪಾಯದ ಸಾಲನ್ನು `(1, 2, 10, 10, 0)` ಎಂದು ಬದಲಿಸಿ ಬಿಡಿಸಿದರೆ ಇನ್ನು ಮುಂದಿನ ಖರ್ಚು 15,000 ಬರುತ್ತದೆ: ಸ್ಲ್ಯಾಬ್ ಮೊದಲಿನಂತೆ 2 ದಿನ, ತಡೆಗೋಡೆ 2 ದಿನ, ಅಬಟ್‌ಮೆಂಟ್ 2 ದಿನ. ಬಂಡೆಯ ಬೆಲೆ 10,000 ಆಯಿತು. ಹಿಂದಿನ ಉತ್ತರದಲ್ಲಿ ಕೈಬಿಟ್ಟಿದ್ದ ಅಬಟ್‌ಮೆಂಟ್ ಈಗ ಪಟ್ಟಿಗೆ ಮರಳಿದೆ. ಅಬಟ್‌ಮೆಂಟೂ ತಡೆಗೋಡೆಯೂ ಒಂದೇ ಹೊತ್ತಿಗೆ ನಡೆಯುವ ಕೆಲಸಗಳು, ಎರಡಕ್ಕೂ ಹೆಚ್ಚಿನ ಗಾರೆಯವರು ಬೇಕು. ಒಂದೇ ತಂಡವನ್ನು ಎರಡು ಕಡೆ ತೋರಿಸಿದರೆ ನಮ್ಮ ನಿಬಂಧನೆಗಳಿಗೆ ಅದು ಗೊತ್ತಾಗುವುದಿಲ್ಲ, ಆಳಿನ ಸಾಲು ಅವುಗಳಲ್ಲಿ ಇಲ್ಲ. ಹಾಗಾಗಿ ಹತ್ತನೇ ದಿನ ಸಂಜೆ ಮಾಡಬೇಕಾದ ಮೊದಲ ಕೆಲಸ ಮೇಸ್ತ್ರಿಗೆ ಫೋನು.

"ಮೇಸ್ತ್ರೀ, ನಾಳೆಯಿಂದ ಎರಡನೇ ಗ್ಯಾಂಗು ಬೇಕು. ನಿಮ್ಮ ಇದ್ದ ಜನ ಸಾಕಾಗೂದಿಲ್ಲ."

"ಮದುವೆ ಸೀಸನ್ನು ಸಾಹೇಬ್ರೇ, ಕುಮಟೆ ಕಡೆಯಿಂದ ನಾಲ್ಕು ಜನ ಸಿಗಬಹುದು. ನಾಡಿದ್ದಿಗೆ."

ನಾಡಿದ್ದು ಎಂದರೆ ಒಂದು ದಿನ ಹೋಯಿತು. ತಡೆಗೋಡೆಯ ಸಾಲಿನಲ್ಲಿ ಕನಿಷ್ಠ 16 ಇದ್ದದ್ದು 17 ಆಯಿತು, ಅಬಟ್‌ಮೆಂಟಿನಲ್ಲಿ 10 ಇದ್ದದ್ದು 11. ನಮಗೆ ಬೇಕಾದದ್ದು 20 ಮತ್ತು 12, ಇನ್ನೂ ಜಾಗವಿದೆ. ಅದೇ 15,000 ನಿಲ್ಲುತ್ತದೆ.